ನವೀಕರಣಕ್ಕಾಗಿ ಪಾರ್ಲರ್ ಮುಚ್ಚುವಾಗ ಗ್ರಾಹಕರಿಗೆ ಏನೆಂದು ಬರೆಯಬೇಕು?

ಪ್ರಶ್ನೆ: ನಾನು ಒಂಬತ್ತು ವರ್ಷಗಳಿಂದ ಮಹಿಳೆಯರ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಆಷಾಢದಲ್ಲಿ ಮದುವೆಯ ಕೆಲಸ ಕಡಿಮೆಯಿರುವುದರಿಂದ ಆಗಲೇ ನೆಲದ ಟೈಲ್ಸ್, ನೀರಿನ ಪೈಪು ಎಲ್ಲವನ್ನೂ ಬದಲಿಸಬೇಕೆಂದಿದ್ದೇನೆ. ಗ್ರಾಹಕರು ಬೇರೆಡೆಗೆ ಹೋಗದಂತೆ ಸೂಚನೆಯನ್ನು ಹೇಗೆ ಬರೆಯಬೇಕು? ಮೊದಲಿಗೆ ರಿಯಾಯಿತಿಯನ್ನೇ ಹಾಕಬೇಕೆ?

ಉತ್ತರ: ರಿಯಾಯಿತಿ ಕೊನೆಗಿರಲಿ. ಪಾರ್ಲರ್ ಮುಚ್ಚುತ್ತದೆ ಎಂದು ಓದಿದ ಗ್ರಾಹಕರಿಗೆ ಮೊದಲು ಬರುವ ಯೋಚನೆ ತಾವು ಮುಂಗಡವಾಗಿ ಕಟ್ಟಿದ ಹಣದ್ದು. ಆರು ಫೇಶಿಯಲ್‌ಗಳ ಪ್ಯಾಕೇಜ್‌ಗೆ ಹಣ ಕೊಟ್ಟು ಎರಡನ್ನಷ್ಟೇ ಮಾಡಿಸಿಕೊಂಡವರಿಗೆ ಉಳಿದ ನಾಲ್ಕರ ಗತಿಯೇನು ಎಂಬುದು ತಿಳಿಯುವವರೆಗೆ ಶೇ. 20 ರಿಯಾಯಿತಿಯ ಮಾತು ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಮುಚ್ಚುವ ಮತ್ತು ತೆರೆಯುವ ದಿನಾಂಕಗಳ ಬೆನ್ನಿಗೇ ಆ ಹಣದ ವಿಷಯ ಬರಬೇಕು.

ದಿನಾಂಕವನ್ನು ವಾರದ ಹೆಸರಿನೊಂದಿಗೆ ಬರೆಯಿರಿ. "ಅನಿವಾರ್ಯ ಕಾರಣಗಳಿಂದ", "ಶೀಘ್ರದಲ್ಲೇ" ಎಂಬ ಪದಗಳು ಬೇಡ. ಅವನ್ನು ಓದಿದವರು ಅಂಗಡಿಯನ್ನೇ ಖಾಲಿ ಮಾಡುತ್ತಿದ್ದಾರೆಂದು ತಿಳಿಯುವ ಸಂಭವವೇ ಹೆಚ್ಚು. ಮೇಸ್ತ್ರಿ 18 ದಿನ ಸಾಕೆಂದರೆ ನೀವು 25 ದಿನ ಹಿಡಿಯಿರಿ. ಮಳೆಗಾಲದಲ್ಲಿ ಗೋಡೆ, ಗಾರೆ ಒಣಗುವುದು ನಿಧಾನ. ಬಣ್ಣದ ವಾಸನೆ ಹೋಗದ ಕೋಣೆಯಲ್ಲಿ ಯಾರನ್ನೂ ಕೂರಿಸಲಾಗದು.

ಉದಾಹರಣೆಗೆ ಜುಲೈ 20ರಿಂದ ಆಗಸ್ಟ್ 13ರವರೆಗೆ ಮುಚ್ಚುತ್ತೀರಿ ಎಂದುಕೊಳ್ಳೋಣ. ಒಟ್ಟು 25 ದಿನ. ಒಬ್ಬರ ಪ್ಯಾಕೇಜ್ ಆಗಸ್ಟ್ 31ಕ್ಕೆ ಮುಗಿಯುವುದಿದ್ದರೆ ಲೆಕ್ಕದ ಪ್ರಕಾರ ಸೆಪ್ಟೆಂಬರ್ 25ರವರೆಗೆ ವಿಸ್ತರಿಸಬೇಕು. ತೆರೆದ ಮೊದಲ ವಾರಗಳಲ್ಲಿ ಎಲ್ಲರೂ ಒಟ್ಟಿಗೆ ಬರುವುದರಿಂದ ಸಮಯ ಸಿಗದೆ ಹೋಗಬಹುದು. ಹಾಗಾಗಿ ಸೆಪ್ಟೆಂಬರ್ 30 ಎಂದೇ ಕೊಟ್ಟುಬಿಡುವುದು ಒಳ್ಳೆಯದು. ಕಾಯಲಾರದವರಿಗೆ ಬಾಕಿ ಹಣ ವಾಪಸು ಎಂಬುದನ್ನೂ ಬರೆಯಿರಿ. ಹಣ ಪಡೆದು ಸೇವೆಯನ್ನೂ ಕೊಡದೆ, ಹಣವನ್ನೂ ಹಿಂದಿರುಗಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರಿಗೆ ಅವಕಾಶವಿದೆ.

ಸೂಚನೆ ಹೀಗಿರಬಹುದು:

"ಆತ್ಮೀಯ ಗ್ರಾಹಕರೇ, ಒಳಾಂಗಣ ನವೀಕರಣಕ್ಕಾಗಿ ನಮ್ಮ ಪಾರ್ಲರ್ ಜುಲೈ 20, ಸೋಮವಾರದಿಂದ ಆಗಸ್ಟ್ 13, ಗುರುವಾರದವರೆಗೆ ಮುಚ್ಚಿರುತ್ತದೆ. ಆಗಸ್ಟ್ 14, ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ಇದೇ ಜಾಗದಲ್ಲಿ ಮತ್ತೆ ತೆರೆಯುತ್ತೇವೆ. ಆಗಸ್ಟ್ 31ಕ್ಕೆ ಮುಗಿಯುವ ಪ್ಯಾಕೇಜ್‌ಗಳು ಸೆಪ್ಟೆಂಬರ್ 30ರವರೆಗೆ ನಡೆಯುತ್ತವೆ. ಉಳಿದ ಪ್ಯಾಕೇಜ್‌ಗಳ ಅವಧಿಗೆ 30 ದಿನ ಸೇರಿಸಿದ್ದೇವೆ. ಬಾಕಿ ಹಣ ಬೇಕೆನ್ನುವವರಿಗೆ ಹಿಂದಿರುಗಿಸುತ್ತೇವೆ. ಈಗಿರುವ ಸಿಬ್ಬಂದಿಯೇ ಮುಂದುವರಿಯುತ್ತಾರೆ. ನಮ್ಮ ಫೋನ್ ಸಂಖ್ಯೆ ಬದಲಾಗಿಲ್ಲ, ಕರೆ ಮಾಡಿ. ಆಗಸ್ಟ್ 14ರಿಂದ 31ರವರೆಗೆ ಫೇಶಿಯಲ್ ಮತ್ತು ಹೇರ್ ಸ್ಪಾಗೆ ಈಗಿನ ದರದಲ್ಲಿ ಶೇ. 20 ರಿಯಾಯಿತಿ ಇರುತ್ತದೆ."

ಸಿಬ್ಬಂದಿಯ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಹುಬ್ಬು ತಿದ್ದಿಸಿಕೊಳ್ಳಲು ಬರುವವರು ಅಂಗಡಿಗಿಂತ ಹೆಚ್ಚಾಗಿ ಆ ಕೈಯನ್ನು ನಂಬಿರುತ್ತಾರೆ. ಆದರೆ ಯಾರಾದರೂ ಬಿಡುವ ಸೂಚನೆ ಕೊಟ್ಟಿದ್ದರೆ ಆ ಸಾಲನ್ನು ತೆಗೆದುಬಿಡಿ. "ಈಗಿನ ದರದಲ್ಲಿ" ಎಂಬುದೂ ಹಾಗೆಯೇ ಮುಖ್ಯ. ನವೀಕರಣದ ಖರ್ಚಿಗೆಂದು ದರವನ್ನು ಏರಿಸಿ, ಏರಿಸಿದ ದರದ ಮೇಲೆ ರಿಯಾಯಿತಿ ಕೊಟ್ಟರೆ ನಿತ್ಯದ ಗ್ರಾಹಕರಿಗೆ ಕೂಡಲೇ ಗೊತ್ತಾಗುತ್ತದೆ. ವಾಡಿಕೆಯ ಬೆಲೆಯ ಬಗ್ಗೆ ತಪ್ಪು ಕಲ್ಪನೆ ಮೂಡಿಸುವುದನ್ನೂ, ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಸಾರುವುದನ್ನೂ ಮೇಲಿನ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ.

ಮುಚ್ಚಿರುವ ದಿನಗಳಿಗೇ ಬುಕಿಂಗ್ ಇರುವವರಿಗೆ ಈ ಸೂಚನೆ ಸಾಲದು. ಆಷಾಢದಲ್ಲಿ ಮದುವೆ ಎಲ್ಲರಿಗೂ ನಿಲ್ಲುವುದಿಲ್ಲ. ಕ್ರೈಸ್ತ, ಮುಸ್ಲಿಂ ಕುಟುಂಬಗಳ ಮದುಮಗಳ ಅಲಂಕಾರಕ್ಕೆ ಮುಂಗಡ ಪಡೆದಿದ್ದೀರಾ ಎಂದು ಪುಸ್ತಕ ತೆರೆದು ನೋಡಿ. ಅಂಥವರಿಗೆ ಸಂದೇಶ ಹೋಗುವ ಮುನ್ನ ನೀವೇ ಫೋನ್ ಮಾಡಿ, ಮನೆಗೇ ಬಂದು ಅಲಂಕಾರ ಮಾಡಬಹುದೇ ಎಂದು ಕೇಳಿ. ಅವರಿಗೆ ಒಪ್ಪಿಗೆಯಾಗದಿದ್ದರೆ ಮುಂಗಡವನ್ನು ಅಂದೇ ಹಿಂದಿರುಗಿಸಿ.

ಉಳಿದವರಿಗೆ ವಾಟ್ಸಾಪ್‌ನಲ್ಲಿ ಹದಿನೈದು ದಿನ ಮೊದಲೊಮ್ಮೆ, ಮುಚ್ಚಲು ಮೂರು ದಿನವಿದ್ದಾಗ ಮತ್ತೊಮ್ಮೆ ಕಳುಹಿಸಿದರೆ ಸಾಕು. ಗಾಜಿನ ಬಾಗಿಲಿಗೆ ಅಂಟಿಸಿದ ಸೂಚನೆಯು ಶಟರ್ ಎಳೆದೊಡನೆ ಅದರ ಹಿಂದೆ ಮರೆಯಾಗುತ್ತದೆ. ಆದ್ದರಿಂದ ಶಟರ್‌ನ ಹೊರಮೈಗೆ, ಕಣ್ಣಿನ ಎತ್ತರದಲ್ಲಿ, ಮಳೆಗೆ ಶಾಯಿ ಇಳಿಯದಂತೆ ಪ್ಲಾಸ್ಟಿಕ್ ಹೊದಿಕೆ ಹಾಕಿದ ಇನ್ನೊಂದು ಪ್ರತಿಯನ್ನು ಅಂಟಿಸಿ.

ಕೆಲಸ ತಡವಾಗುವುದಾದರೆ ಆಗಸ್ಟ್ 10ರೊಳಗೆ ನಿಮಗೇ ಅಂದಾಜು ಸಿಕ್ಕಿರುತ್ತದೆ. ಆಗಲೇ ಹೊಸ ದಿನಾಂಕವನ್ನು ತಿಳಿಸಿ, ಪ್ಯಾಕೇಜ್‌ಗಳ ಅವಧಿಯನ್ನೂ ರಿಯಾಯಿತಿಯ ಕೊನೆಯ ದಿನವನ್ನೂ ಅಷ್ಟೇ ದಿನ ಮುಂದಕ್ಕೆ ಹಾಕಿ, ಶಟರ್‌ನ ಮೇಲಿನ ಹಳೆಯ ಪ್ರತಿಯನ್ನು ಕಿತ್ತು ಹೊಸದನ್ನು ಅಂಟಿಸಿ.