ಗಾಳಿ ಓಡುತ್ತಿದ್ದರೂ ಹವೆ ನಿಲ್ಲುವುದೇಕೆ? ಜೆಟ್ ಸ್ಟ್ರೀಮ್ ವಾದದ ಹಿನ್ನೆಲೆ

ಯಾವುದಾದರೂ ದೇಶದ ಮೇಲೆ ಬಿಸಿಲ ಧಗೆ ವಾರಗಟ್ಟಲೆ ಕದಲದೆ ಕೂತರೆ ಸುದ್ದಿಯಲ್ಲಿ ಈಗ ತಪ್ಪದೆ ಬರುವ ಹೆಸರು ಜೆಟ್ ಸ್ಟ್ರೀಮ್. ಬಹಳ ಎತ್ತರದಲ್ಲಿ ಪೂರ್ವಕ್ಕೆ ಹರಿಯುವ ಈ ಗಾಳಿಯ ಪಟ್ಟಿ ದುರ್ಬಲವಾಗಿದೆ, ಡೊಂಕಾಗಿದೆ, ಸಿಕ್ಕಿಹಾಕಿಕೊಂಡಿದೆ ಎನ್ನುತ್ತಾರೆ. ಇನ್ನೊಂದು ಕಡೆ, 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಿಂದ ಹೊರಟ ಪ್ರಯಾಣಿಕ ವಿಮಾನವೊಂದು ಇದೇ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು 4 ಗಂಟೆ 56 ನಿಮಿಷಕ್ಕೆ ಲಂಡನ್ ಮುಟ್ಟಿತು. ಇಷ್ಟು ವೇಗದ ಗಾಳಿ ಹವೆಯನ್ನು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆ ಸಹಜ. ಇವತ್ತಿನ ವಾದದ ಅರ್ಧ ಗೊಂದಲ ಇರುವುದು ಇಲ್ಲೇ.

ಗಾಳಿ ಹುಟ್ಟುವ ಬಗೆ ಸರಳ. ಬಿಸಿ ಗಾಳಿಯ ಕಂಬ ಹಿಗ್ಗುತ್ತದೆ, ತಣ್ಣನೆಯದು ಕುಗ್ಗುತ್ತದೆ. ಹಾಗಾಗಿ ಸುಮಾರು 10 ಕಿ.ಮೀ. ಎತ್ತರದಲ್ಲಿ ಉಷ್ಣವಲಯದ ಕಡೆ ಒತ್ತಡ ಹೆಚ್ಚು, ಧ್ರುವದ ಕಡೆ ಕಡಿಮೆ. ಧ್ರುವದತ್ತ ನುಗ್ಗಲು ಹೊರಟ ಗಾಳಿಯನ್ನು ಭೂಮಿಯ ತಿರುಗುವಿಕೆ ಪೂರ್ವಕ್ಕೆ ಹೊರಳಿಸುತ್ತದೆ. ಉಷ್ಣಾಂಶದ ವ್ಯತ್ಯಾಸ ಕಡಿದಾಗಿರುವ ಕಡೆಯಲ್ಲೆಲ್ಲ ಈ ಗಾಳಿ ಕೆಲವು ನೂರು ಕಿ.ಮೀ. ಅಗಲದ ಪಟ್ಟಿಯಾಗಿ ಗಂಟೆಗೆ 200, ಒಮ್ಮೊಮ್ಮೆ 400 ಕಿ.ಮೀ. ವೇಗದಲ್ಲಿ ಹರಿಯುತ್ತದೆ.

ಇದನ್ನು ಕಂಡವರು ಹಲವರು, ನಂಬಿದವರು ಕಡಿಮೆ. ಜಪಾನಿನ ಹವಾತಜ್ಞ ಓಯಿಶಿ ವಾಸಬುರೊ 1920ರ ದಶಕದಲ್ಲೇ ಬಲೂನು ಹಾರಿಸಿ ಇದನ್ನು ಅಳೆದಿದ್ದರು. ಹೊರಜಗತ್ತಿಗೂ ತಿಳಿಯಲಿ ಎಂದು 1926ರಲ್ಲಿ ಎಸ್ಪೆರಾಂಟೊ ಭಾಷೆಯಲ್ಲಿ ವರದಿಯನ್ನೂ ಪ್ರಕಟಿಸಿದರು. ಓದಿದವರಿಲ್ಲ. 1944ರ ನವೆಂಬರ್‌ನಲ್ಲಿ ಅಮೆರಿಕದ ಬಿ-29 ವಿಮಾನಗಳು ಟೋಕಿಯೊ ಮೇಲೆ 9 ಕಿ.ಮೀ. ಎತ್ತರದಲ್ಲಿ ಹಾರಿ ಹಾಕಿದ ಬಾಂಬುಗಳು ಗುರಿ ತಪ್ಪಿದಾಗ ಗಾಳಿಯ ಲೆಕ್ಕ ಎಲ್ಲರಿಗೂ ಬೇಕಾಯಿತು. ಯುದ್ಧ ಮುಗಿದ ಮೇಲೆ ಷಿಕಾಗೊದಲ್ಲಿ ಹವಾತಜ್ಞ ಕಾರ್ಲ್-ಗುಸ್ಟಾಫ್ ರಾಸ್ಬಿ ಅವರ ತಂಡ ಈ ಪಟ್ಟಿಗೆ ಜೆಟ್ ಸ್ಟ್ರೀಮ್ ಎಂಬ ಹೆಸರನ್ನು ನೆಲೆಗೊಳಿಸಿತು.

ಆದರೆ ಹವೆಯನ್ನು ಅರಿಯಲು ಮುಖ್ಯವಾದ ಕೆಲಸವನ್ನು ರಾಸ್ಬಿ ಅದಕ್ಕೂ ಮೊದಲೇ, 1939ರಲ್ಲಿ ಮಾಡಿ ಮುಗಿಸಿದ್ದರು. ಜೆಟ್ ನೆಟ್ಟಗೆ ಹರಿಯುವುದಿಲ್ಲ. ಭೂಮಿಯ ಸುತ್ತ ಉತ್ತರಕ್ಕೊಮ್ಮೆ, ದಕ್ಷಿಣಕ್ಕೊಮ್ಮೆ ಬಾಗುತ್ತ ಅಲೆಯಾಗಿ ಸಾಗುತ್ತದೆ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಉಬ್ಬಿದ ಭಾಗದ ಕೆಳಗೆ ಸಾಮಾನ್ಯವಾಗಿ ಒಣ ಬಿಸಿಲು. ದಕ್ಷಿಣಕ್ಕೆ ಇಳಿದ ತಗ್ಗಿನ ಮುಂದೆ, ಅಂದರೆ ಪೂರ್ವಕ್ಕೆ, ಮೋಡ ಮಳೆ. ನೆಲದ ಮೇಲಿನ ಹವೆ ಚಲಿಸುವುದು ಈ ಅಲೆಯ ವೇಗದಲ್ಲಿ, ಗಾಳಿಯ ವೇಗದಲ್ಲಲ್ಲ. ಹೊಳೆಯ ಬಂಡೆಯ ಹಿಂದೆ ನಿಂತ ಅಲೆಯ ಹಾಗೆ: ನೀರು ರಭಸವಾಗಿ ದಾಟಿಹೋಗುತ್ತದೆ, ಅಲೆ ಅಲ್ಲೇ ಇರುತ್ತದೆ.

ರಾಸ್ಬಿ ಕೊಟ್ಟ ಸೂತ್ರ ಒಂದೇ ಸಾಲಿನದು:

c = U − βL²/4π²

ಇಲ್ಲಿ c ಅಲೆಯ ವೇಗ. U ಎಂದರೆ ಪಶ್ಚಿಮದಿಂದ ಬೀಸುವ ಸರಾಸರಿ ಗಾಳಿ. ಇದನ್ನು ಜೆಟ್‌ನ ನಡುವೆ ಅಲ್ಲ, ಗಾಳಿಯ ಒತ್ತಡ 500 ಹೆಕ್ಟೋಪಾಸ್ಕಲ್ ಇರುವ ಮಟ್ಟದಲ್ಲಿ, ಅಂದರೆ ಸುಮಾರು ಐದೂವರೆ ಕಿ.ಮೀ. ಎತ್ತರದಲ್ಲಿ ನೋಡುವುದು ರೂಢಿ. L ಅಲೆಯ ಉದ್ದ. β ಎಂದರೆ ಧ್ರುವದ ಕಡೆ ಹೋದಂತೆ ಭೂಭ್ರಮಣದ ಪರಿಣಾಮ ಹೆಚ್ಚುವ ದರ. ಈ ಏರಿಕೆಯೇ ಅಲೆಯನ್ನು ಪಶ್ಚಿಮಕ್ಕೆ ಹಿಂದೆಳೆಯುವುದು, ಅಲೆ ಉದ್ದವಾದಷ್ಟೂ ಎಳೆತ ಬಲವಾಗುವುದು.

ಲೆಕ್ಕ ಹಾಕಿ ನೋಡೋಣ. 50 ಡಿಗ್ರಿ ಅಕ್ಷಾಂಶದಲ್ಲಿ ಭೂಮಿಯ ಸುತ್ತಳತೆ ಸುಮಾರು 25,700 ಕಿ.ಮೀ. ಅಲ್ಲಿ ಆರು ಅಲೆಗಳಿದ್ದರೆ ಒಂದೊಂದರ ಉದ್ದ 4,300 ಕಿ.ಮೀ., ಹಿಂದೆಳೆತ ಸೆಕೆಂಡಿಗೆ 7 ಮೀಟರ್. ಗಾಳಿ 20 ಮೀಟರ್ ಇದ್ದರೆ ಅಲೆ 13 ಮೀಟರ್ ವೇಗದಲ್ಲಿ, ದಿನಕ್ಕೆ ಸುಮಾರು 1,100 ಕಿ.ಮೀ. ಸರಿಯುತ್ತದೆ. ಇವತ್ತು ಮಳೆಯಾದ ಊರಿಗೆ ಎರಡು ದಿನದಲ್ಲಿ ಬಿಸಿಲು. ಈಗ ಅಲೆಗಳು ನಾಲ್ಕೇ ಇವೆ ಎಂದುಕೊಳ್ಳಿ. ಉದ್ದ 6,400 ಕಿ.ಮೀ. ಆಗುತ್ತದೆ, ಹಿಂದೆಳೆತ 15 ಮೀಟರಿಗೆ ಏರುತ್ತದೆ. ಅದೇ ಗಾಳಿಯಲ್ಲಿ ಈ ಅಲೆ ತೆವಳುತ್ತ ದಿನಕ್ಕೆ 400 ಕಿ.ಮೀ. ಹೋಗುತ್ತದೆ. ಇನ್ನು ಗಾಳಿ 20ರಿಂದ 15ಕ್ಕೆ ಇಳಿದರೆ? ಆರರ ಅಲೆ ನಿಧಾನವಾಗಿಯಾದರೂ ನಡೆಯುತ್ತದೆ, ನಾಲ್ಕರ ಅಲೆ ನಿಂತೇಬಿಡುತ್ತದೆ. ಗಾಳಿ ಕಾಲುಭಾಗ ಕುಗ್ಗಿದ್ದಕ್ಕೆ ಹವೆ ಪೂರ್ತಿ ನಿಂತಿತು. ನಿಜವಾದ ವಾತಾವರಣ ಈ ಸೂತ್ರದಷ್ಟು ಶುದ್ಧವಲ್ಲ. ಪರ್ವತಗಳೂ ಸಮುದ್ರದ ಬಿಸಿಯೂ ಅಲೆಗಳನ್ನು ತಮಗೆ ಬೇಕಾದಲ್ಲಿ ಹಿಡಿದಿಡುತ್ತವೆ. ಆದರೂ ಮೂಲ ಲೆಕ್ಕಾಚಾರ ಇದೇ.

ನಿಂತ ಅಲೆ ಸುಮ್ಮನಿರುವುದಿಲ್ಲ. ಅಲೆ ನಿಂತರೂ ಅದರ ಶಕ್ತಿ ಗಾಳಿಗಿಂತ ವೇಗವಾಗಿ ಪೂರ್ವಕ್ಕೆ ಹರಿಯುತ್ತಲೇ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ಗಾಳಿಯ ಎರಡರಷ್ಟು ವೇಗದಲ್ಲಿ. ಹೀಗಾಗಿ ಒಂದು ಉಬ್ಬು ಕೂತಲ್ಲೇ ಬಲಿತಾಗ ಅದರ ಪೂರ್ವಕ್ಕೆ ಒಂದು ತಗ್ಗು ಆಳವಾಗುತ್ತದೆ. 2010ರ ಬೇಸಿಗೆ ಇದಕ್ಕೆ ಒಳ್ಳೆಯ ಸಾಕ್ಷಿ. ಪಶ್ಚಿಮ ರಷ್ಯಾದ ಮೇಲೆ ಉಬ್ಬೊಂದು ವಾರಗಟ್ಟಲೆ ಕೂತಿತು, ಜುಲೈ 29ರಂದು ಮಾಸ್ಕೊದಲ್ಲಿ ಉಷ್ಣಾಂಶ 38.2 ಡಿಗ್ರಿ ಮುಟ್ಟಿತು. ಅದೇ ದಿನಗಳಲ್ಲಿ ಪೂರ್ವದ ತಗ್ಗು ದಕ್ಷಿಣಕ್ಕೆ ಚಾಚಿ, ಪಾಕಿಸ್ತಾನದ ಉತ್ತರದಲ್ಲಿ ಮಾನ್ಸೂನಿನ ತೇವಕ್ಕೆ ಸಿಕ್ಕಿತು. ಸಿಂಧೂ ನದಿಯ ಆ ಮಹಾಪೂರವೂ ಮಾಸ್ಕೊದ ಧಗೆಯೂ ಒಂದೇ ಅಲೆಯ ಎರಡು ಕೊನೆ.

ಇಷ್ಟರವರೆಗೆ ತಕರಾರಿಲ್ಲ. ಗೋಜಲು ಶುರುವಾದದ್ದು 2012ರಲ್ಲಿ. ಉತ್ತರ ಧ್ರುವ ಉಳಿದ ಭೂಮಿಗಿಂತ ಬೇಗ ಕಾಯುತ್ತಿದೆ, ಹಾಗಾಗಿ ಉಷ್ಣಾಂಶದ ವ್ಯತ್ಯಾಸ ತಗ್ಗಿ ಜೆಟ್ ನಿಧಾನವಾಗಿದೆ, ಅಲೆಗಳು ಹಿಗ್ಗಿ ತಡೆದು ನಿಲ್ಲುತ್ತಿವೆ ಎಂಬ ವಾದವನ್ನು ಅಮೆರಿಕದ ಇಬ್ಬರು ವಿಜ್ಞಾನಿಗಳು ಮಂಡಿಸಿದರು. ಮೇಲಿನ ಲೆಕ್ಕ ನೋಡಿದವರಿಗೆ ಇದು ತಕ್ಷಣ ಒಪ್ಪಿಗೆಯಾಗುತ್ತದೆ; ಬಹುಶಃ ಬೇಕಾದ್ದಕ್ಕಿಂತ ಬೇಗ ಒಪ್ಪಿಗೆಯಾಗುತ್ತದೆ. ತೊಡಕು ಎರಡು. ಅಲೆ ಎಷ್ಟು ಹಿಗ್ಗಿದೆ ಎಂದು ಅಳೆಯಲು ಆ 500 ಹೆಕ್ಟೋಪಾಸ್ಕಲ್ ಮಟ್ಟ ಒಂದೇ ಎತ್ತರದಲ್ಲಿರುವ ಜಾಗಗಳನ್ನು ನಕ್ಷೆಯ ಮೇಲೆ ಕೂಡಿಸುವ ರೇಖೆಯನ್ನು ವರ್ಷಾನುವರ್ಷ ಹಿಂಬಾಲಿಸಿದರೆ, ಗಾಳಿ ಕಾದು ಹಿಗ್ಗಿದಂತೆ ಆ ರೇಖೆ ತಾನಾಗಿಯೇ ಉತ್ತರಕ್ಕೆ ಜರುಗುತ್ತದೆ. ಅಲೆ ಬದಲಾಗದಿದ್ದರೂ ಬದಲಾದಂತೆ ಕಾಣುತ್ತದೆ. ಅಳೆಯುವ ಬಗೆ ಬದಲಿಸಿದಾಗ ಏರಿಕೆಯ ಬಹುಭಾಗ ಕರಗಿದ್ದನ್ನು ಮುಂದಿನ ವರ್ಷವೇ ತೋರಿಸಲಾಯಿತು. ಎರಡನೆಯದು, ಧ್ರುವದ ಹೆಚ್ಚುವರಿ ಬಿಸಿ ಇರುವುದು ನೆಲದ ಹತ್ತಿರ. ಜೆಟ್ ಹರಿಯುವ ಎತ್ತರದಲ್ಲಿ ಉಷ್ಣವಲಯವೇ ಹೆಚ್ಚು ಕಾಯುತ್ತಿದೆ, ಅಲ್ಲಿ ವ್ಯತ್ಯಾಸ ಹೆಚ್ಚುತ್ತಿದೆ. ಕೆಳಗೊಂದು ಜಗ್ಗಾಟ, ಮೇಲೊಂದು ಜಗ್ಗಾಟ. ಉತ್ತರ ಅಟ್ಲಾಂಟಿಕ್‌ನ ಮೇಲೆ 1979ರಿಂದೀಚೆಗೆ ಜೆಟ್‌ನ ವೇಗ ಹೆಚ್ಚುಕಡಿಮೆ ಹಾಗೇ ಇದ್ದು, ಎತ್ತರದಿಂದ ಎತ್ತರಕ್ಕೆ ವೇಗ ಬದಲಾಗುವ ಪ್ರಮಾಣ ಮಾತ್ರ ಶೇ. 15ರಷ್ಟು ಏರಿದೆ ಎಂದು 2019ರ ಅಧ್ಯಯನವೊಂದು ಕಂಡುಕೊಂಡಿತು. ಮೋಡವಿಲ್ಲದ ಆಕಾಶದಲ್ಲಿ ವಿಮಾನ ಕುಲುಕುವುದು ಇಂಥ ಕಡೆಯೇ.

ಹಾಗೆಂದು ಬಿಸಿಲ ಧಗೆ ಹೆಚ್ಚಿದ್ದು ಸುಳ್ಳಲ್ಲ. ಜೆಟ್ ಒಂದಿಷ್ಟೂ ಬದಲಾಗದಿದ್ದರೂ, ಮೊದಲೇ ಕಾದ ನೆಲದ ಮೇಲೆ ಕೂತ ಉಬ್ಬು ಹಿಂದಿಗಿಂತ ಹೆಚ್ಚು ಸುಡುತ್ತದೆ. ಇದನ್ನು ಹೇಳಲು ಜೆಟ್ ಕೆಟ್ಟುಹೋಗಿದೆ ಎನ್ನುವ ಅಗತ್ಯವಿಲ್ಲ.

ಅಲೆ ನಿಂತಿದೆಯೇ ಇಲ್ಲವೇ ಎಂದು ತಿಳಿಯುವ ವಿಧಾನ 1949ರಷ್ಟು ಹಳೆಯದು, ಡೆನ್ಮಾರ್ಕಿನ ಎರ್ನೆಸ್ಟ್ ಹೋವ್‌ಮೊಲರ್ ಕೊಟ್ಟದ್ದು. ಒಂದೇ ಅಕ್ಷಾಂಶದ ಉದ್ದಕ್ಕೂ 500 ಹೆಕ್ಟೋಪಾಸ್ಕಲ್ ಮಟ್ಟ ಇರುವ ಎತ್ತರಗಳನ್ನು ದಿನಕ್ಕೊಂದು ಸಾಲಿನಂತೆ ಒಂದರ ಕೆಳಗೊಂದು ಜೋಡಿಸಬೇಕು. ಅಡ್ಡಕ್ಕೆ ರೇಖಾಂಶ, ಕೆಳಮುಖವಾಗಿ ದಿನಗಳು. ಉಬ್ಬು ತಗ್ಗುಗಳ ಪಟ್ಟೆಗಳು ಬಲಕ್ಕೆ ಓರೆಯಾಗಿ ಇಳಿದರೆ ಹವೆ ಪೂರ್ವಕ್ಕೆ ಸರಿಯುತ್ತಿದೆ. ನೆಟ್ಟಗೆ ಇಳಿದರೆ ತಡೆ ಬಿದ್ದಿದೆ. ಅಂಥ ನೇರ ಪಟ್ಟೆ ಕಂಡಾಗ, ಐದಾರು ದಿನದಲ್ಲಿ ತಡೆ ಬಿಡುತ್ತದೆ ಎಂದು ಕಂಪ್ಯೂಟರ್ ಮುನ್ಸೂಚನೆ ಹೇಳಿದರೂ ಅನುಭವಿ ಹವಾತಜ್ಞರು ಕೂಡಲೇ ನಂಬುವುದಿಲ್ಲ. ಮಾದರಿಗಳು ಸುಧಾರಿಸಿದ್ದರೂ ತಡೆಯನ್ನು ನಿಜಕ್ಕಿಂತ ಬೇಗ ಕರಗಿಸುವ ಹಳೆಯ ಒಲವು ಅವುಗಳಲ್ಲಿ ಪೂರ್ತಿ ಹೋಗಿಲ್ಲ.