ಡಬಲ್ ಟಾಪ್ ಅಂದರೆ ಬರೀ ಎರಡು ಶಿಖರ ಅಲ್ಲ

ಗೋಣಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಮೊನ್ನೆ ಒಬ್ಬರು ಮೊಬೈಲಲ್ಲಿ ಲಂಡನ್ ಪೇಟೆಯ ರೊಬಸ್ಟಾ ಕಾಫಿ ದರದ ಚಾರ್ಟ್ ತೋರಿಸಿದರು. 'ಡಬಲ್ ಟಾಪ್ ಆಗಿದೆ, ಇನ್ನು ಇಳಿಯೋದೇ, ಚೆರಿ ಕೊಟ್ಟುಬಿಡಿ' ಅಂದರು. ದರ ಏರಿ, ಇಳಿದು, ಮತ್ತೆ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಏರಿ ತಿರುಗಿದರೆ ಅದು ಡಬಲ್ ಟಾಪ್, ಇನ್ನು ಕುಸಿಯುತ್ತದೆ ಅನ್ನುವುದು ಅವರ ಲೆಕ್ಕ. ಈ ತಿಂಗಳಲ್ಲಿ ಇದು ಮೂರನೇ ಸಲ ಕೇಳಿದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲ ಗೊಂದಲ ಇರುವುದು 'ನೆಕ್‌ಲೈನ್' ಎಂಬ ಪದದಲ್ಲಿ. ಅದು ಹುಟ್ಟಿದ್ದು ಹೆಡ್ ಅಂಡ್ ಶೋಲ್ಡರ್ಸ್ ಎಂಬ ಇನ್ನೊಂದು ಚಾರ್ಟ್ ಆಕಾರದಿಂದ. ನಡುವೆ ಎತ್ತರದ ತಲೆ, ಎರಡು ಕಡೆ ತಗ್ಗಾದ ಭುಜ. ತಲೆಯ ಎಡಬಲದ ತಗ್ಗುಗಳನ್ನು ಜೋಡಿಸಿದರೆ ಸಿಗುವುದೇ ನೆಕ್‌ಲೈನ್, ಅಂದರೆ ಕತ್ತಿನ ಗೆರೆ. ಡಬಲ್ ಟಾಪ್‌ನಲ್ಲಿ ತಲೆಯೂ ಇಲ್ಲ, ಭುಜವೂ ಇಲ್ಲ. ಆದರೂ ಎರಡು ಶಿಖರಗಳ ನಡುವಿನ ತಗ್ಗಿಗೆ ಅದೇ ಹೆಸರು ಬಂದಿದೆ, ಯಾಕೆಂದರೆ ಕೆಲಸ ಒಂದೇ. ದರ ಆ ಗೆರೆಯ ಕೆಳಗೆ ದಿನದ ವಹಿವಾಟು ಮುಗಿಸುವವರೆಗೆ ಅದನ್ನು ಡಬಲ್ ಟಾಪ್ ಅನ್ನುವಂತಿಲ್ಲ. ಸುಮ್ನೆ ಎರಡು ಶಿಖರ, ಅಷ್ಟೇ. ದರ ಅಲ್ಲಿಂದ ಮತ್ತೆ ಏರಿಬಿಡಬಹುದು.

ಲೆಕ್ಕ ಹಾಕಿ ನೋಡೋಣ. 50 ಕೆಜಿ ಚೆರಿ ಮೂಟೆ 10,000 ರೂಪಾಯಿ ಮುಟ್ಟಿ, 9,200ಕ್ಕೆ ಇಳಿದು, ಮತ್ತೆ 9,950ಕ್ಕೆ ಏರಿತು ಅಂದುಕೊಳ್ಳಿ. ಇಲ್ಲಿ ಕತ್ತಿನ ಗೆರೆ 9,200. ಅದು ಮುರಿದರೆ ಶಿಖರದಿಂದ ಗೆರೆಗಿರುವ 800 ರೂಪಾಯಿಯನ್ನು ಮತ್ತೆ ಕಳೆದು, 8,400ರವರೆಗೆ ಇಳಿಯಬಹುದು ಅಂತ ಚಾರ್ಟ್ ನೋಡುವವರು ಹೇಳುತ್ತಾರೆ. ಆದರೆ ಖಾತ್ರಿಯಾಗುವ ಹೊತ್ತಿಗೆ 9,950ರಿಂದ 750 ರೂಪಾಯಿ ಆಗಲೇ ಹೋಗಿರುತ್ತದೆ. ಅಂದರೆ ಒಟ್ಟು ಇಳಿತದ ಸುಮಾರು ಅರ್ಧ! ಮೊದಲೇ ಮಾರಿದರೆ ಅದು ಊಹೆ, ಕಾದು ಮಾರಿದರೆ ಅರ್ಧ ನಷ್ಟ. ಇದನ್ನು ಯಾರೂ ಹೇಳುವುದಿಲ್ಲ, ಅಲ್ವಾ?

ಇಷ್ಟಾದ ಮೇಲೂ ಇಂಥ ಆಕಾರಗಳನ್ನು ಎಷ್ಟು ನಂಬಬಹುದು? ಅರ್ಥಶಾಸ್ತ್ರಜ್ಞರಾದ ಕ್ಯಾರಲ್ ಓಸ್ಲರ್ ಮತ್ತು ಕೆವಿನ್ ಚಾಂಗ್ 1995ರಲ್ಲಿ ಹೆಡ್ ಅಂಡ್ ಶೋಲ್ಡರ್ಸ್‌ ಅನ್ನು ಡಾಲರ್ ಎದುರಿನ ಆರು ಕರೆನ್ಸಿಗಳ ಮೇಲೆ ಪರೀಕ್ಷಿಸಿದರು. ಕಣ್ಣಂದಾಜಿಗೆ ಬಿಡದೆ ಕಂಪ್ಯೂಟರಿನಿಂದ ಹುಡುಕಿಸಿದರು. ಲಾಭ ಕಂಡದ್ದು ಜರ್ಮನ್ ಮಾರ್ಕ್ ಮತ್ತು ಜಪಾನಿನ ಯೆನ್‌ನಲ್ಲಿ ಮಾತ್ರ. ಆಮೇಲೆ ಓಸ್ಲರ್ ಅಮೆರಿಕದ ಷೇರುಗಳಲ್ಲಿ ನೋಡಿದಾಗ ಲಾಭವೇ ಸಿಗಲಿಲ್ಲ. ಅದಕ್ಕೂ ಮುಂಚೆ, 1959ರಲ್ಲಿ, ಸಂಖ್ಯಾಶಾಸ್ತ್ರಜ್ಞ ಹ್ಯಾರಿ ರಾಬರ್ಟ್ಸ್ ಅಡ್ಡಾದಿಡ್ಡಿ ಅಂಕೆಗಳಿಂದ ಚಾರ್ಟ್ ಬರೆದು ತೋರಿಸಿದ್ದರು. ಅದೂ ಷೇರುಪೇಟೆಯ ಚಾರ್ಟ್ ಹಾಗೇ ಕಾಣುತ್ತಿತ್ತು. ಆಕಾರ ಕಂಡಿತು ಅಂದಮಾತ್ರಕ್ಕೆ ಹಿಂದೆ ಕಾರಣ ಇರಲೇಬೇಕು ಅಂತಿಲ್ಲ.

ನಮಗೆ ಇನ್ನೊಂದು ತೊಡಕಿದೆ. ಲಂಡನ್ ಚಾರ್ಟ್ ಟನ್ನಿಗೆ ಇಷ್ಟು ಡಾಲರ್ ಅಂತ ಹೇಳುತ್ತದೆ, ನಮ್ಮ ಮೂಟೆಯ ದರ ರೂಪಾಯಿಯಲ್ಲಿ. ಅಲ್ಲಿ ಇಳಿದ ದಿನವೇ ಡಾಲರ್ ಎದುರು ರೂಪಾಯಿಯೂ ಕುಸಿದರೆ, ಇಲ್ಲಿ ಅಷ್ಟು ಇಳಿಯುವುದಿಲ್ಲ.

ಅಂಗಡಿಯಲ್ಲಿ ಅವರನ್ನು ಒಂದೇ ಮಾತು ಕೇಳಿದೆ: 'ನಡುವಿನ ತಗ್ಗು ಎಷ್ಟಕ್ಕಿದೆ ಅಣ್ಣಾ?' ಅವರು ಅದನ್ನು ನೋಡಿರಲಿಲ್ಲ. ಇಬ್ಬರೂ ಸೇರಿ ಚಾರ್ಟ್ ದೊಡ್ಡದು ಮಾಡಿ ನೋಡಿದೆವು. ದರ ಇನ್ನೂ ತಗ್ಗಿಗಿಂತ ಮೇಲೇ ಇತ್ತು.