ಎಫ್‌ಡಿ ಬಡ್ಡಿಯಲ್ಲಿ ನಿಜವಾಗಿ ಉಳಿಯುವುದೆಷ್ಟು?

ಡೊಂಬಿವಲಿಯಲ್ಲಿ ನಮ್ಮ ಬಾಡಿಗೆ ಅಗ್ರಿಮೆಂಟ್ 11 ತಿಂಗಳಿನದು. ಈ ಸಲ ಹೊಸದು ಮಾಡಿಸುವಾಗ ಬಾಡಿಗೆ 30,000ದಿಂದ 32,000ಕ್ಕೆ ಏರಿತು. ಅದೇ ವಾರ ನನ್ನ 5 ಲಕ್ಷದ ಎಫ್‌ಡಿ ಮೆಚ್ಯೂರ್ ಆಯಿತು. ಬಡ್ಡಿ ನೋಡಿ ಖುಷಿಯಾಗಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವರ್ಷಕ್ಕೆ ಶೇ. 7 ಬಡ್ಡಿ. ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತದೆ. ಅಂದರೆ ಪ್ರತಿ ಸಲ ಶೇ. 1.75ರಂತೆ ನಾಲ್ಕು ಸಲ. ಹಾಗಾಗಿ ವರ್ಷದ ಕೊನೆಗೆ ಸಿಗುವುದು 7 ಅಲ್ಲ, ಸುಮಾರು 7.19. ನನ್ನ 5 ಲಕ್ಷ 5,35,930 ಆಯಿತು. ಬಡ್ಡಿ 35,930.

ಇನ್ನು ತೆರಿಗೆ. ಇಲ್ಲೇ ನಾನು ಒಮ್ಮೆ ಎಡವಿದ್ದೆ. ಬ್ಯಾಂಕು ಟಿಡಿಎಸ್ ಹಿಡಿದಿಲ್ಲ, ಹಾಗಾದರೆ ತೆರಿಗೆ ಇಲ್ಲ ಅಂದುಕೊಂಡು ಸುಮ್ನೆ ಕೂತಿದ್ದೆ. ಟಿಡಿಎಸ್ ಅಂದರೆ ಮುಂಗಡವಾಗಿ ಹಿಡಿಯುವ ಮೊತ್ತ ಅಷ್ಟೇ. ಏಪ್ರಿಲ್ 2025ರಿಂದ ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟಿದರೆ ಮಾತ್ರ ಹಿಡಿಯುತ್ತಾರೆ, ಹಿರಿಯರಿಗೆ ಈ ಮಿತಿ 1 ಲಕ್ಷ. ಹಿಡಿಯಲಿ ಬಿಡಲಿ, ಬಡ್ಡಿ ನಮ್ಮ ಆದಾಯಕ್ಕೆ ಸೇರುತ್ತದೆ, ನಮ್ಮ ಸ್ಲ್ಯಾಬ್‌ನಲ್ಲೇ ತೆರಿಗೆ ಬೀಳುತ್ತದೆ. ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್ ತೆರೆದರೆ ಬಡ್ಡಿಯ ಮೊತ್ತ ಅಲ್ಲಿ ಕಾಣುತ್ತದೆ. ನಾನು ಅದನ್ನು ನೋಡಿದ್ದು ತಡವಾಗಿ.

ನಾನು ಶೇ. 20ರ ಸ್ಲ್ಯಾಬ್‌ನಲ್ಲಿದ್ದೇನೆ. ಆ ತೆರಿಗೆಯ ಮೇಲೆ ಶೇ. 4 ಸೆಸ್ ಸೇರಿ 20.8 ಆಗುತ್ತದೆ. 35,930ಕ್ಕೆ ತೆರಿಗೆ 7,473. ಕೈಗೆ ಉಳಿದದ್ದು 28,457, ಅಂದರೆ ಶೇ. 5.69. (ಠೇವಣಿ ಎರಡು ಹಣಕಾಸು ವರ್ಷಗಳಿಗೆ ಹರಡಿದ್ದರೆ ಬಡ್ಡಿಯನ್ನೂ ಸಾಮಾನ್ಯವಾಗಿ ಆಯಾ ವರ್ಷಕ್ಕೆ ಹಂಚಿ ತೋರಿಸುತ್ತಾರೆ. ಇಲ್ಲಿ ಸುಲಭಕ್ಕೆ ಒಂದೇ ವರ್ಷ ಅಂತ ಹಿಡಿದಿದ್ದೇನೆ.)

ಕೊನೆಗೆ ಬೆಲೆ ಏರಿಕೆ. ಲೆಕ್ಕಕ್ಕೆ ಶೇ. 5 ಅಂತ ಇಟ್ಟುಕೊಳ್ಳೋಣ. 5.69ರಲ್ಲಿ 5 ಕಳೆದರೆ ಉತ್ತರ ಹತ್ತಿರ ಬರುತ್ತದೆ, ಆದರೆ ಪೂರ್ತಿ ಸರಿಯಲ್ಲ. ಬಡ್ಡಿಯ ರೂಪಾಯಿಯ ಬೆಲೆಯೂ ಅಷ್ಟೇ ಸವೆದಿರುತ್ತದೆ. ಅದಕ್ಕೇ ಭಾಗಿಸಬೇಕು:

```
1.0569 / 1.05 - 1 = 0.0066
```

ಶೇ. 0.66. ರೂಪಾಯಿಯಲ್ಲಿ ಹೇಳುವುದಾದರೆ, ಈಗ ಕೈಯಲ್ಲಿರುವ 5,28,457ರಿಂದ ಕಳೆದ ವರ್ಷ 5,03,292ಕ್ಕೆ ಸಿಗುತ್ತಿದ್ದಷ್ಟೇ ಸಾಮಾನು ಬರುತ್ತದೆ. 35,930 ಬಡ್ಡಿಯಲ್ಲಿ ನಿಜವಾದ ಲಾಭ ಸುಮಾರು 3,300 ಅಷ್ಟೇ!

ಇಲ್ಲಿ ಹೆಚ್ಚಿನವರು ತಪ್ಪುವುದು ಕ್ರಮದಲ್ಲಿ. ಮೊದಲು 7.19ರಲ್ಲಿ 5 ಕಳೆದು, ಉಳಿದ 2.19ಕ್ಕೆ ಮಾತ್ರ ತೆರಿಗೆ ಹಾಕುತ್ತಾರೆ. ಆಗ ಸುಮಾರು 1.73 ಬರುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಕಾನೂನು ಹಾಗೆ ನೋಡುವುದಿಲ್ಲ. ಬೆಲೆ ಏರಿಕೆಯನ್ನು ತುಂಬಿಕೊಡುವ ಶೇ. 5ಕ್ಕೂ ಅದು ತೆರಿಗೆ ಕೇಳುತ್ತದೆ. ಹಾಗಾಗಿ ಶೇ. 30ರ ಸ್ಲ್ಯಾಬ್‌ನವರಿಗೆ, ಸೆಸ್ ಸೇರಿ 31.2 ಹೋದ ಮೇಲೆ ಉಳಿಯುವುದು 4.94. ಅದೇ ಎಫ್‌ಡಿ ಅವರಿಗೆ ಕೂದಲೆಳೆಯಷ್ಟು ನಷ್ಟ. ಪಕ್ಕದ ಬೀದಿಯಲ್ಲಿರುವ ನಮ್ಮ ಅತ್ತೆಗೆ ಪಿಂಚಣಿ ಕಡಿಮೆ, ತೆರಿಗೆಯೇ ಇಲ್ಲ. ಅವರಿಗೆ ಇದೇ ದರದಲ್ಲಿ ಶೇ. 2.08 ನಿಜ ಲಾಭ. "ನಿನಗಿಂತ ನಾನೇ ಜಾಣೆ ಅಲ್ವೇನೋ?" ಅಂದರು. ಇಲ್ಲ ಅನ್ನಲು ನನ್ನಲ್ಲಿ ಉತ್ತರ ಇರಲಿಲ್ಲ.

ಶೇ. 5 ಅನ್ನುವ ಅಂಕಿಯ ಮೇಲೂ ಸ್ವಲ್ಪ ಅನುಮಾನ ಇರಲಿ. ಸರ್ಕಾರ ಪ್ರಕಟಿಸುವ ಗ್ರಾಹಕ ಬೆಲೆ ಸೂಚ್ಯಂಕ ಇಡೀ ದೇಶದ ಸರಾಸರಿ ಬುಟ್ಟಿ. ಅದರಲ್ಲಿ ಊಟ ತಿಂಡಿಯ ಪಾಲು ದೊಡ್ಡದು. ನನ್ನ ಬುಟ್ಟಿಯಲ್ಲಿ ಅರ್ಧ ಬಾಡಿಗೆಯೇ. ಡೈರಿ ತೆಗೆದು ನೋಡಿದೆ. ಬಾಡಿಗೆ 2,000 ಏರಿದೆ. ಅಡುಗೆ ಮನೆಯ ಖರ್ಚು 15,000 ಇದ್ದದ್ದು 15,700. ಮಗಳ ಶಾಲೆ, ಔಷಧಿ, ಇತರೆ ಸೇರಿ 12,000 ಇದ್ದದ್ದು 12,800. ಲೋಕಲ್ ಪಾಸ್ ಮತ್ತು ಫೋನಿನ 3,000 ಹಾಗೇ ಇದೆ. ತಿಂಗಳಿಗೆ 60,000 ಇದ್ದದ್ದು 63,500 ಆಗಿದೆ, ಅಂದರೆ ಶೇ. 5.83.

ಈ ಅಂಕಿಯಿಂದ ಭಾಗಿಸಿದರೆ 0.66ರ ಲಾಭ ಹೋಗಿ ಶೇ. 0.13 ನಷ್ಟ ಬರುತ್ತದೆ. 5 ಲಕ್ಷಕ್ಕೆ ಸುಮಾರು 670 ರೂಪಾಯಿ. ಒಂದೇ ವರ್ಷದ ಡೈರಿ ನಂಬಿ ಗಾಬರಿಯಾಗಬೇಕಿಲ್ಲ, ಮುಂದಿನ ಸಲ ಬಾಡಿಗೆ ಏರದೆಯೂ ಇರಬಹುದು.

ಹೊಸ ಎಫ್‌ಡಿ ಇಡುವ ಮೊದಲು ನಾನೀಗ ಲೆಕ್ಕವನ್ನು ತಿರುಗಿಸಿ ಹಾಕುತ್ತೇನೆ. ನನ್ನ ಬೆಲೆ ಏರಿಕೆ 5.83. ಅದನ್ನು ತೆರಿಗೆ ಕಳೆದ ಪಾಲಿನಿಂದ, ಅಂದರೆ 0.792ರಿಂದ, ಭಾಗಿಸಿದರೆ 7.36. ತೆರಿಗೆ ಕಳೆಯುವ ಮೊದಲು ವರ್ಷಕ್ಕೆ ಸಿಗುವ ಬಡ್ಡಿ ಶೇ. ಅಷ್ಟಿದ್ದರೆ ಅಸಲು ಸವೆಯುವುದಿಲ್ಲ. ಬ್ಯಾಂಕಿನ ಬೋರ್ಡಿನಲ್ಲಿ ಇವತ್ತು ಬರೆದಿದ್ದ ದರ ಅದಕ್ಕಿಂತ ಕಡಿಮೆ ಇತ್ತು. ಆದರೂ ಆರು ತಿಂಗಳ ಮನೆ ಖರ್ಚಿನಷ್ಟನ್ನು ಅಲ್ಲೇ ಇಟ್ಟು ಬಂದೆ. ಆ ದುಡ್ಡು ಯಾವಾಗ ಬೇಕಾದರೂ ಬೇಕಾಗಬಹುದು.